ಒಂದು ವಚನ, ನಾಲ್ಕು ಪೀರಿಯಡ್: ಓದಿಸೋದು, ಬಿಡಿಸೋದು, ಮಾತಾಡಿಸೋದು

[ಕ್ಯಾಮೆರಾ ಎದುರು]

ನಮಸ್ಕಾರ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡೋರಿಗೆ ಈ ವಿಡಿಯೋ. ನಾನು ಕಾರವಾರದ ಕಡೆ ಪಾಠ ಮಾಡೋದು, ನಮ್ಮ ಕ್ಲಾಸಿನಲ್ಲಿ ಮನೆಮಾತು ಕೊಂಕಣಿ ಇರೋ ಮಕ್ಕಳೇ ಜಾಸ್ತಿ. ಇವತ್ತು ಒಂದೇ ಒಂದು ವಚನ ತಗೊಂಡು ನಾಲ್ಕು ಪೀರಿಯಡ್ ಹೇಗೆ ನಡೆಸಬಹುದು ಅಂತ ತೋರಿಸುತ್ತೇನೆ. ವಚನ ನಿಮಗೆಲ್ಲ ಬಾಯಿಪಾಠ ಇರೋದೇ. ಅದಕ್ಕೇ ಅದನ್ನು ಆರಿಸಿದ್ದು.

[ತೆರೆಯ ಮೇಲೆ]

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ
ಶಿರವೇ ಹೊನ್ನ ಕಲಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಇದನ್ನು ಬೋರ್ಡ್ ಮೇಲೆ ಬರೆದ ಕೂಡಲೇ ಅರ್ಧ ಕ್ಲಾಸು ಹಾಡೋಕೆ ಶುರು ಮಾಡುತ್ತದೆ, ಇನ್ನರ್ಧ "ದೇಹವೇ ದೇವಾಲಯ ಅಂತ ಅರ್ಥ ಟೀಚರ್" ಅಂತ ಹೇಳಿಬಿಡುತ್ತದೆ. ಎರಡನ್ನೂ ಸ್ವಲ್ಪ ತಡೆಹಿಡಿಯಬೇಕು. ಹಾಡಿಗೆ ಕೂತರೆ ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಅನ್ನೋದನ್ನು ರಾಗವೇ ತೀರ್ಮಾನ ಮಾಡಿಬಿಡುತ್ತದೆ. ಮಕ್ಕಳಿಗೆ ತೀರ್ಮಾನ ಮಾಡೋಕೆ ಏನೂ ಉಳಿಯಲ್ಲ.

[ಮೊದಲನೇ ಪೀರಿಯಡ್: ಬರೀ ಓದು]

ಪುಸ್ತಕ ಮುಚ್ಚಿಸಿ. ನೀವು ಎರಡು ಸಲ ಓದಿ, ರಾಗ ಇಲ್ಲದೆ, ಮಾತಾಡಿದ ಹಾಗೆ. ಅರ್ಥ ಹೇಳಬೇಡಿ. ಆಮೇಲೆ ಪುಸ್ತಕ ತೆಗೆದು ಪ್ರತಿಯೊಬ್ಬರೂ ಪೆನ್ಸಿಲ್‌ನಲ್ಲಿ ಉಸಿರು ನಿಲ್ಲಿಸೋ ಜಾಗಕ್ಕೆ ಒಂದು ಗೀಟು ಹಾಕಲಿ. ಪಕ್ಕದವರ ಜೊತೆ ಹೋಲಿಸಿದರೆ ಗೀಟು ಒಂದೇ ಕಡೆ ಬಿದ್ದಿರೋದಿಲ್ಲ. ಬೀಳೋದೂ ಬೇಡ.

ಈಗ ಎರಡನೇ ಸಾಲು ಮಾತ್ರ ತಗೊಳ್ಳಿ. "ನಾನೇನ ಮಾಡುವೆ." ಇದನ್ನು ಸೋತವನ ದನಿಯಲ್ಲಿ ಒಬ್ಬರು ಓದಲಿ. ನಿಜವಾಗಿ ಕೇಳುವ ದನಿಯಲ್ಲಿ ಇನ್ನೊಬ್ಬರು. ಕೆಣಕುವ ದನಿಯಲ್ಲಿ ಮತ್ತೊಬ್ಬರು, ಅಂದರೆ 'ಕಟ್ಟೋರು ಕಟ್ಟಿಕೊಳ್ಳಲಿ ಬಿಡಿ' ಅನ್ನೋ ಹಾಗೆ. ಯಾವುದು ಸರಿ ಅಂತ ಇವತ್ತೇ ಹೇಳಬೇಡಿ. "ಕೇಳಯ್ಯಾ" ಹೇಗೆ ಬರುತ್ತದೆ ನೋಡಿ ಅಷ್ಟೇ. ಮೊದಲು ಸೋತ ದನಿಯಲ್ಲಿ ಓದಿದ ಹುಡುಗನಿಗೆ ಐದನೇ ಸಾಲಿಗೆ ಬರುವಾಗ ಕಷ್ಟ ಆಗುತ್ತದೆ. ದೇವರನ್ನೇ 'ಕೇಳು' ಅಂತ ನಿಲ್ಲಿಸಿ ಮಾತಾಡುವವನು ಅಷ್ಟು ಕುಗ್ಗಿದ್ದು ಯಾವಾಗ? ಆ ಇರುಸುಮುರುಸು ಅವನಿಗೇ ಗೊತ್ತಾಗಬೇಕು.

ಕೋರಸ್ ಓದಿನಲ್ಲಿ ಇದ್ಯಾವುದೂ ಆಗಲ್ಲ. ನಲವತ್ತು ಜನ ಒಟ್ಟಿಗೆ ಕೂಗಿದರೆ ಯಾರಿಗೆ ಎಲ್ಲಿ ತೊಡಕಾಗಿದೆ ಅಂತ ಕೇಳಿಸೋದೇ ಇಲ್ಲ. ಒಬ್ಬೊಬ್ಬರೇ ಓದಿದಾಗ ಕೊನೇ ಸಾಲಿಗೆ ಕಿವಿ ಕೊಡಿ. "ಸ್ಥಾವರ... ಕ್ಕಳಿ... ವುಂಟು" ಅಂತ ಒಡೆದರೆ, ಅದು ಉಚ್ಚಾರದ ತಪ್ಪಲ್ಲ. ಸ್ಥಾವರಕ್ಕೆ, ಅಳಿವು, ಉಂಟು ಅಂತ ಮೂರು ಪದ ಅಲ್ಲಿದೆ ಅಂತ ಇನ್ನೂ ಕಂಡಿಲ್ಲ ಅಂತ ಅರ್ಥ. ತಿದ್ದಬೇಡಿ. ಗುರುತು ಮಾಡಿಟ್ಟುಕೊಳ್ಳಿ, ನಾಳೆ ಪಾಠ ಶುರುವಾಗೋದು ಅಲ್ಲಿಂದಲೇ.

[ಎರಡನೇ ಪೀರಿಯಡ್: ಅರ್ಥ ಬಿಡಿಸೋದು]

ಸಂಧಿ ಬಿಡಿಸಿ ಮುಗಿದ ಮೇಲೆ, 'ಸ್ಥಾವರ ಅಂದರೇನು' ಅಂತ ಕೇಳಿ. ನಮ್ಮ ಕಡೆ ಉತ್ತರ ತಟ್ಟನೆ ಬರುತ್ತದೆ: "ಕೈಗಾ!" ನಗಬೇಡಿ, ಸರಿಯಾಗೇ ಇದೆ. ಅಣುಸ್ಥಾವರ ಅಂತ ಪೇಪರಿನಲ್ಲಿ ಓದಿದ್ದಾರೆ. ಕೈಗಾ ಒಂದು ಕಡೆ ಕಟ್ಟಿ ನಿಲ್ಲಿಸಿದ್ದು ತಾನೇ? ಹಾಗಾದರೆ ಜಂಗಮ? ಯಾರಾದರೂ ಒಬ್ಬರು 'ಜಂಗಮವಾಣಿ' ಅಂತಾರೆ. ನಿಂತದ್ದು, ಓಡಾಡುವುದು. ಇಷ್ಟು ಸಾಕು. ಜಂಗಮ ಅಂದರೆ ಊರೂರು ತಿರುಗುವ ಶಿವಭಕ್ತ ಅನ್ನೋ ಅರ್ಥವನ್ನು ಆಮೇಲೆ ನೀವು ಸೇರಿಸಿ.

ಮುಂದಿನ ಕೆಲಸ ನನಗೆ ತುಂಬಾ ಇಷ್ಟ. ಕ್ರಿಯಾಪದಕ್ಕೆಲ್ಲ ಗೆರೆ ಎಳೆಯಲು ಹೇಳಿ. ಮೊದಲ ಎರಡು ಸಾಲಿನಲ್ಲಿ "ಮಾಡುವರು", "ಮಾಡುವೆ". ಮೂರು, ನಾಲ್ಕನೇ ಸಾಲಿನಲ್ಲಿ ಹುಡುಕಿದರೆ ಒಂದೂ ಇಲ್ಲ! 'ನನ್ನ ಕಾಲನ್ನು ಕಂಬ ಮಾಡುವೆ' ಅಂತ ಹೇಳಬಹುದಿತ್ತು, ಹೇಳಿಲ್ಲ. ಕಾಲೇ ಕಂಬ. ಉಳ್ಳವರದ್ದು ಮಾಡುವ ಗುಡಿ, ಇವರದ್ದು ಮಾಡಬೇಕಾಗೇ ಇಲ್ಲದ ಗುಡಿ. ಇದನ್ನು ನೀವು ಹೇಳಿಬಿಟ್ಟರೆ ನೋಟ್ಸ್ ಆಗುತ್ತದೆ, ಗೆರೆ ಎಳೆದ ಮಕ್ಕಳೇ 'ಇಲ್ಲಿ ಕ್ರಿಯಾಪದ ಕಾಣೆಯಾಗಿದೆ' ಅಂತ ಕಂಡುಹಿಡಿದರೆ ಅವರದ್ದಾಗುತ್ತದೆ.

ಮನೆಗೆ ಒಂದೇ ಕೆಲಸ: ವಚನವನ್ನು ಮನೆಮಾತಿನಲ್ಲಿ ಯಾರಿಗಾದರೂ ಹೇಳಿ ಬರುವುದು. ಕೊಂಕಣಿಯೋ, ಹವ್ಯಕ ಕನ್ನಡವೋ, ಹಾಲಕ್ಕಿ ಕನ್ನಡವೋ. ಗೈಡ್ ನೋಡಿ ಬರೆದ ಸಾರಾಂಶವನ್ನು ಅಮ್ಮನಿಗೆ ಕೊಂಕಣಿಯಲ್ಲಿ ಹೇಳೋಕೆ ಆಗಲ್ಲ.

[ಮೂರನೇ ಪೀರಿಯಡ್: ಚರ್ಚೆ]

ಚರ್ಚೆ ಕೆಡೋದು ಪ್ರಶ್ನೆಯಿಂದ. "ಈ ವಚನದ ಸಂದೇಶವೇನು?" ಅಂತ ಕೇಳಿದರೆ ಉತ್ತರ ಒಂದೇ, ಅದೂ ಎಲ್ಲರಿಗೂ ಗೊತ್ತಿರೋದು. ಅದರ ಬದಲು ಇದನ್ನು ಕೇಳಿ: 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದವರು. ಖಜಾನೆ ನೋಡಿಕೊಳ್ಳುವವರು "ಬಡವನಯ್ಯಾ" ಅಂದಿದ್ದು ಯಾಕೆ?

ಮೂರು ನಿಮಿಷ ಇಬ್ಬಿಬ್ಬರೇ ಮಾತಾಡಿಕೊಳ್ಳಲಿ, ಆಮೇಲೆ ಇಡೀ ಕ್ಲಾಸು. ನಿಯಮ ಒಂದೇ: ಏನು ಹೇಳಿದರೂ 'ಯಾವ ಸಾಲಿನಿಂದ?' ಅನ್ನೋದಕ್ಕೆ ಉತ್ತರ ಇರಬೇಕು. ಬರೋ ಮಾತುಗಳು ಹೀಗಿರುತ್ತವೆ. ಖಜಾನೆ ರಾಜನದು, ಅವರದ್ದಲ್ಲ ಅಂತ ಒಬ್ಬಳು. ಇದು ಬಡವರ ಪರವಾಗಿ ಆಡಿದ ಮಾತು ಅಂತ ಇನ್ನೊಬ್ಬ. ಸಾಲು ಯಾವುದು? ಅವನು ಹುಡುಕಾಡುತ್ತಾನೆ, "ಉಳ್ಳವರು" ಅನ್ನೋದನ್ನು ಹಿಡಿಯುತ್ತಾನೆ. ಆಗ ಹಿಂದಿನ ಬೆಂಚಿನಿಂದ, 'ಬಡವ ಅಂದಮೇಲೆ ಹೊನ್ನ ಕಲಶ ಎಲ್ಲಿಂದ ಬಂತು?' ಇಂಥ ಪ್ರಶ್ನೆ ಬಂದಾಗ ನೀವು ಉತ್ತರಿಸಬೇಡಿ. ಸುಮ್ನೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ನಮಗೆ ಕಷ್ಟ, ಮಕ್ಕಳಿಗೆ ಅಲ್ಲ.

ಇನ್ನೂ ಗಟ್ಟಿ ಪ್ರಶ್ನೆ ಕೊನೇ ಸಾಲಿನದ್ದು. ನಮ್ಮ ಬನವಾಸಿಯ ಮಧುಕೇಶ್ವರ ದೇವಸ್ಥಾನ ಶತಮಾನಗಳಿಂದ ನಿಂತಿದೆ, ಅದರ ಕಲ್ಲುಕಂಬದಲ್ಲಿ ಈಗಲೂ ಮುಖ ಕಾಣುತ್ತದೆ. ದೇಹ ಸಾಯುತ್ತದೆ. ಹಾಗಿದ್ದ ಮೇಲೆ ಅಳಿವಿರೋದು ಯಾವುದಕ್ಕೆ? ಮಕ್ಕಳು ಇಲ್ಲಿ ಎರಡು ಪಾಲಾಗುತ್ತಾರೆ. ಜಂಗಮ ಅಂದರೆ ದೇಹವಲ್ಲ, ಒಬ್ಬರಿಂದ ಒಬ್ಬರಿಗೆ ದಾಟುವ ಭಕ್ತಿ ಅಂತ ಕೆಲವರು. ಇಲ್ಲ, ಕವಿ ಬೇಕಂತಲೇ ಹೆಚ್ಚು ಹೇಳಿದ್ದಾರೆ ಅಂತ ಕೆಲವರು. ಎರಡನೆಯದನ್ನು ಹೇಳಿದವರನ್ನು ಸುಮ್ಮನಾಗಿಸಬೇಡಿ. ಬಸವಣ್ಣನ ಮಾತನ್ನು ಒಪ್ಪದೆ ಇರೋದು ಅಗೌರವ ಅಲ್ಲ. ಆದರೆ ಅವರಿಗೂ ಅದೇ ನಿಯಮ, ಸಾಲು ತೋರಿಸಬೇಕು.

[ನಾಲ್ಕನೇ ಪೀರಿಯಡ್]

ಮತ್ತೆ ಓದು. ಮೊದಲ ದಿನದ ಗೀಟುಗಳನ್ನು ಅಳಿಸಿ ಹೊಸದಾಗಿ ಹಾಕಿಕೊಂಡು ಓದಲಿ, ಆಮೇಲೆ ಐದು ವಾಕ್ಯ ಬರೆಯಲಿ: "ನಾನು 'ನಾನೇನ ಮಾಡುವೆ'ಯನ್ನು ಹೀಗೆ ಓದಿದೆ, ಯಾಕೆಂದರೆ..." ಅಂಕ ಕೊಡೋದಾದರೆ ಆ 'ಯಾಕೆಂದರೆ' ಆದಮೇಲಿನ ಭಾಗಕ್ಕೆ ಕೊಡಿ. ಅಲ್ಲಿ ವಚನದ ಪದ ಒಂದೂ ಇಲ್ಲದಿದ್ದರೆ ಅದು ಗೈಡಿನದ್ದೇ. ದನಿ ಚೆನ್ನಾಗಿರೋದಕ್ಕೆ ಅಂಕ ಬೇಡ. ಹಾಡು ಹಾಕಬೇಕು ಅನಿಸಿದರೆ ಈಗ ಹಾಕಿ. ಗಾಯಕರು ಎಲ್ಲಿ ನಿಂತರು, ನಾವೆಲ್ಲಿ ನಿಂತೆವು ಅಂತ ಜಗಳ ಆಡೋಕೆ ಮಕ್ಕಳ ಹತ್ತಿರ ಈಗ ಸರಕಿದೆ.

ಸಿಲೆಬಸ್ ಮುಗಿಸೋದು ಹೇಗೆ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಎಲ್ಲಾ ಪದ್ಯಕ್ಕೂ ಹೀಗೆ ಮಾಡೋಕಾಗಲ್ಲ. ವರ್ಷಕ್ಕೆ ಎರಡು ಸಾಕು. ಮತ್ತೆ, ಕುಮಾರವ್ಯಾಸನ ಷಟ್ಪದಿಗೆ ಇದೇ ಕ್ರಮ ಹಾಕಬೇಡಿ. ಭಾಮಿನಿಯಲ್ಲಿ ಮೂರು-ನಾಲ್ಕು ಮಾತ್ರೆಯ ನಡೆ ಮೊದಲೇ ಕೂತಿರುತ್ತದೆ, ರಾಗ ಇಲ್ಲದೆ ಓದಿದರೆ ಅದು ಮುಗ್ಗರಿಸುತ್ತದೆ. ನಮ್ಮ ಮಕ್ಕಳು ಯಕ್ಷಗಾನದ ಭಾಗವತರ ಪದ ಕೇಳಿ ಬೆಳೆದವರು, ಅಲ್ಲಿ ಹಾಡಿನಿಂದಲೇ ಶುರು ಮಾಡಿ, ಅರ್ಥ ಆಮೇಲೆ.