ಧ್ವನಿಮುದ್ರಿತ ಪಾಠದಿಂದ ಪರೀಕ್ಷೆಯ ಟಿಪ್ಪಣಿ

ಕೇಳುಗರಿಗೆ ನಮಸ್ಕಾರ.

ಉಪನ್ಯಾಸಕರ ಅನುಮತಿಯಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ ಒಂದು ಗಂಟೆಯ ಪಾಠವನ್ನು ಪರೀಕ್ಷೆಯ ಹಿಂದಿನ ದಿನ ಪೂರ್ತಿಯಾಗಿ ಕೇಳುವಷ್ಟು ಪುರುಸೊತ್ತು ಯಾವ ವಿದ್ಯಾರ್ಥಿಗೂ ಇರುವುದಿಲ್ಲ. ಅದನ್ನು ಎರಡು ಪುಟದ ಟಿಪ್ಪಣಿಗೆ ಇಳಿಸುವ ಬಗೆಯನ್ನು, ಪದವಿ ತರಗತಿಯ ಅರ್ಥಶಾಸ್ತ್ರದಲ್ಲಿ ಬರುವ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಎಂಬ ಪಾಠವನ್ನೇ ಎದುರಿಗಿಟ್ಟುಕೊಂಡು ಇಂದು ನೋಡೋಣ.

ಮೊದಲ ಸಲ ಕೇಳುವಾಗ ವಾಕ್ಯಗಳನ್ನು ಬರೆದುಕೊಳ್ಳಬೇಕಾಗಿಲ್ಲ. ಎಷ್ಟನೆಯ ನಿಮಿಷದಲ್ಲಿ ವ್ಯಾಖ್ಯೆ ಬಂತು, ಎಲ್ಲಿ ಲೆಕ್ಕ ಆರಂಭವಾಯಿತು, ಎಲ್ಲಿ ಕಪ್ಪುಹಲಗೆಯತ್ತ ತಿರುಗಿ ‘ಇಲ್ಲಿ ನೋಡಿ’ ಎಂದರು ಎಂಬುದನ್ನಷ್ಟೇ ಗುರುತು ಹಾಕಿದರೆ ಸಾಕು. ತರಗತಿಯ ಮಾತು ಪಠ್ಯಪುಸ್ತಕದ ಕ್ರಮದಲ್ಲಿ ಸಾಗುವುದಿಲ್ಲವಾದ್ದರಿಂದ, ಆರಂಭದಲ್ಲಿ ಅರ್ಧ ಹೇಳಿದ ವ್ಯಾಖ್ಯೆ ಯಾರೋ ಪ್ರಶ್ನೆ ಕೇಳಿದ ಮೇಲೆ, ಗಂಟೆಯ ಕೊನೆಯಲ್ಲಿ, ಪೂರ್ಣವಾಗುವುದುಂಟು.

ಈ ಪಾಠದಲ್ಲಿ ಉಪನ್ಯಾಸಕರು ಮೊದಲು ‘ಬೆಲೆ ಏರಿದರೆ ಬೇಡಿಕೆ ಎಷ್ಟು ಇಳಿಯುತ್ತದೆ ಅನ್ನೋದೇ ಸ್ಥಿತಿಸ್ಥಾಪಕತ್ವ’ ಎಂದು ಸರಳವಾಗಿ ಹೇಳುತ್ತಾರೆ ಎಂದುಕೊಳ್ಳಿ. ಅರ್ಥವಾಗುವುದಕ್ಕೆ ಅದು ಒಳ್ಳೆಯ ಮಾತು. ಉತ್ತರ ಪತ್ರಿಕೆಗೆ ಸಾಲದು. ಇತರ ಅಂಶಗಳು ಸ್ಥಿರವಾಗಿರುವಾಗ, ಬೇಡಿಕೆಯ ಪ್ರಮಾಣದಲ್ಲಾಗುವ ಶೇಕಡಾವಾರು ಬದಲಾವಣೆಗೂ ಬೆಲೆಯಲ್ಲಾದ ಶೇಕಡಾವಾರು ಬದಲಾವಣೆಗೂ ಇರುವ ಅನುಪಾತ ಎಂಬುದೇ ಟಿಪ್ಪಣಿಗೆ ಸೇರಬೇಕಾದ ವ್ಯಾಖ್ಯೆ. ಶೇಕಡಾವಾರು ಎಂಬ ಮಾತು ಬಿಟ್ಟುಹೋದರೆ, ಅದೇ ಅಕ್ಕಿಯನ್ನು ಕಿಲೋದಲ್ಲಿ ಅಳೆದಾಗ ಒಂದು ಉತ್ತರವೂ ಕ್ವಿಂಟಾಲಿನಲ್ಲಿ ಅಳೆದಾಗ ಇನ್ನೊಂದು ಉತ್ತರವೂ ಬರುತ್ತದೆ.

ಧ್ವನಿಮುದ್ರಣ ಮೋಸ ಮಾಡುವ ಜಾಗವೊಂದು ಇಲ್ಲಿದೆ. ‘ಪೂರ್ಣ ಸ್ಥಿತಿಸ್ಥಾಪಕ’, ‘ಪೂರ್ಣ ಅಸ್ಥಿತಿಸ್ಥಾಪಕ’ ಎಂಬೆರಡನ್ನೂ ವೇಗವಾಗಿ ನುಡಿದಾಗ ಅಕಾರ ಕಿವಿಗೆ ಬೀಳುವುದೇ ಇಲ್ಲ, ಅರ್ಥವಾದರೋ ತದ್ವಿರುದ್ಧ. ಆಗ ರೇಖೆಯ ಬಗ್ಗೆ ಅವರು ಏನೆಂದರು ಎಂದು ಕೇಳಿಸಿಕೊಳ್ಳಬೇಕು. ಬೇಡಿಕೆಯ ರೇಖೆ ನೆಟ್ಟಗೆ ಲಂಬವಾಗಿ ನಿಂತಿದೆ ಎಂದಿದ್ದರೆ ಅದು ಪೂರ್ಣ ಅಸ್ಥಿತಿಸ್ಥಾಪಕ, ಅಡ್ಡವಾಗಿ ಮಲಗಿದೆ ಎಂದಿದ್ದರೆ ಪೂರ್ಣ ಸ್ಥಿತಿಸ್ಥಾಪಕ. ಕಪ್ಪುಹಲಗೆಯ ಚಿತ್ರ ಧ್ವನಿಯಲ್ಲಿ ಸಿಗದಿರುವುದರಿಂದ ಅದನ್ನು ಗೆಳೆಯರ ನೋಟ್ಸಿನಿಂದಲೋ ಪಠ್ಯಪುಸ್ತಕದಿಂದಲೋ ಅಂದೇ ಬಿಡಿಸಿಟ್ಟುಕೊಳ್ಳಬೇಕು.

ಉದಾಹರಣೆಗಳಲ್ಲಿ ಎಲ್ಲವನ್ನೂ ಉಳಿಸಿಕೊಳ್ಳುವ ಅಗತ್ಯವಿಲ್ಲ. ‘ಉಪ್ಪಿನ ಬೇಡಿಕೆ ಅಸ್ಥಿತಿಸ್ಥಾಪಕ’ ಎಂದು ಬರೆದು ನಿಲ್ಲಿಸಿದರೆ ಅಂಕ ಬರುವುದಿಲ್ಲ. ಉಪ್ಪಿಗೆ ಬದಲಿ ವಸ್ತುವಿಲ್ಲ, ಮನೆಯ ಖರ್ಚಿನಲ್ಲಿ ಅದರ ಪಾಲು ತೀರ ಚಿಕ್ಕದು ಎಂಬ ಕಾರಣವೂ ಜೊತೆಗಿರಬೇಕು. ಲೆಕ್ಕದ ಉದಾಹರಣೆಯನ್ನಂತೂ ಅಂಕಿಗಳ ಸಮೇತ ಬರೆದು, ತಾವೇ ಮತ್ತೆ ಮಾಡಿ ನೋಡಬೇಕು.

ಬೆಲೆ 20 ರೂಪಾಯಿಯಿಂದ 25ಕ್ಕೆ ಏರಿದಾಗ ಬೇಡಿಕೆ 100 ಘಟಕಗಳಿಂದ 80ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಬೆಲೆ ಶೇಕಡಾ 25ರಷ್ಟು ಏರಿತು, ಬೇಡಿಕೆ ಶೇಕಡಾ 20ರಷ್ಟು ಇಳಿಯಿತು. ಋಣ ಚಿಹ್ನೆಯನ್ನು ಬದಿಗಿಟ್ಟರೆ ಉತ್ತರ 0.8, ಅಂದರೆ ಒಂದಕ್ಕಿಂತ ಕಡಿಮೆ. ಅದೇ ಅಂಕಿಗಳಿಗೆ ಮಾರ್ಷಲ್ ಅವರ ಒಟ್ಟು ವೆಚ್ಚದ ವಿಧಾನವನ್ನು ಅನ್ವಯಿಸಿದರೆ, ಮೊದಲಿನ ವೆಚ್ಚವೂ 2000 ರೂಪಾಯಿ, ನಂತರದ್ದೂ 2000. ವೆಚ್ಚ ಬದಲಾಗದ ಕಾರಣ ಸ್ಥಿತಿಸ್ಥಾಪಕತ್ವ ಒಂದಕ್ಕೆ ಸಮ ಎಂದಾಗುತ್ತದೆ. ಉಪನ್ಯಾಸಕರು ತಪ್ಪಿದರೆಂದೋ ತಾನು ತಪ್ಪು ಕೇಳಿಸಿಕೊಂಡೆನೆಂದೋ ವಿದ್ಯಾರ್ಥಿ ಗಾಬರಿಪಡುವುದು ಇಲ್ಲಿಯೇ. ತಪ್ಪು ಯಾರದೂ ಅಲ್ಲ. ಶೇಕಡಾವಾರು ವಿಧಾನವು ಆರಂಭದ ಬೆಲೆಯನ್ನೂ ಆರಂಭದ ಪ್ರಮಾಣವನ್ನೂ ಆಧಾರವಾಗಿಟ್ಟುಕೊಳ್ಳುತ್ತದೆ. ಎರಡು ಬೆಲೆಗಳ ಸರಾಸರಿ 22.50 ರೂಪಾಯಿ ಮತ್ತು ಎರಡು ಪ್ರಮಾಣಗಳ ಸರಾಸರಿ 90 ಘಟಕಗಳನ್ನು ಆಧಾರವಾಗಿಟ್ಟರೆ ಎರಡೂ ಬದಲಾವಣೆಗಳು ಶೇಕಡಾ 22.2 ಆಗಿ, ಉತ್ತರ ಇಲ್ಲಿಯೂ 1 ಎಂದೇ ಬರುತ್ತದೆ. ಆದ್ದರಿಂದ ಯಾವ ಲೆಕ್ಕವನ್ನು ಬರೆದುಕೊಂಡರೂ ಪಕ್ಕದಲ್ಲಿ ವಿಧಾನದ ಹೆಸರಿರಬೇಕು. ಹೆಸರಿಲ್ಲದ 0.8 ತಿಂಗಳ ನಂತರ ಓದುವಾಗ ಗೊಂದಲಕ್ಕಲ್ಲದೆ ಇನ್ನಾವುದಕ್ಕೂ ಒದಗದು.

ಇನ್ನು ಪರೀಕ್ಷೆಗೆ ಬರಬಹುದಾದ ಅಂಶಗಳು. ಉಪನ್ಯಾಸಕರು ಮಾತಿನ ವೇಗ ತಗ್ಗಿಸಿ ಬರೆಸಿದ ಭಾಗ, ಎರಡು ಮೂರು ಸಲ ಮರಳಿ ಹೇಳಿದ ಭಾಗ, ವ್ಯತ್ಯಾಸ ತೋರಿಸಿ ವಿವರಿಸಿದ ಭಾಗ ಇವು ಸುಳಿವುಗಳೇ ಹೊರತು ಭರವಸೆಗಳಲ್ಲ. ತಮಾಷೆಯ ಪ್ರಸಂಗವನ್ನೂ ಮೂರು ಸಲ ಹೇಳುವವರಿದ್ದಾರೆ. ಸುಳಿವನ್ನು ಪಠ್ಯಕ್ರಮದೊಂದಿಗೂ ಹಳೆಯ ಪ್ರಶ್ನೆಪತ್ರಿಕೆಗಳೊಂದಿಗೂ ತಾಳೆ ನೋಡಿ, ಮೂರರಲ್ಲಿಯೂ ಕಂಡದ್ದನ್ನು ಪ್ರಶ್ನೆಯ ರೂಪದಲ್ಲೇ ಅಂಚಿನಲ್ಲಿ ಬರೆಯಬೇಕು. ವ್ಯಾಖ್ಯೆಯ ಪಕ್ಕದಲ್ಲಿ ಎರಡು ಅಂಕದ ಪ್ರಶ್ನೆ, ಸ್ಥಿತಿಸ್ಥಾಪಕತ್ವದ ಐದು ಬಗೆಗಳ ಚಿತ್ರಗಳ ಪಕ್ಕದಲ್ಲಿ ದೀರ್ಘ ಉತ್ತರದ ಪ್ರಶ್ನೆ ನಿಲ್ಲುತ್ತದೆ. ಲೆಕ್ಕದ ಪಕ್ಕದಲ್ಲಿ ಮಾತ್ರ ಅದೇ ಅಂಕಿಗಳನ್ನು ತಿರುಗಿಸಿ, ಬೆಲೆ 25ರಿಂದ 20ಕ್ಕೆ ಇಳಿದರೆ ಏನಾಗುತ್ತದೆ ಎಂದು ಬರೆದುಕೊಳ್ಳಿ. ಈ ಬಾರಿ ಶೇಕಡಾವಾರು ವಿಧಾನದ ಉತ್ತರ 1.25 ಬರುತ್ತದೆ, ಅದು 0.8 ಏಕಲ್ಲ ಎಂಬುದನ್ನು ಪುಸ್ತಕ ಮುಚ್ಚಿ ಎರಡು ವಾಕ್ಯಗಳಲ್ಲಿ ವಿವರಿಸಲಾಗದಿದ್ದರೆ, ಧ್ವನಿಮುದ್ರಣದ ಆ ಭಾಗವನ್ನಷ್ಟೇ ಮತ್ತೊಮ್ಮೆ ಕೇಳಬೇಕು.