ಎಖಾದ್: ಕೊನೆಯ ಅಕ್ಷರ ಎಳೆಯುವ ಕಷ್ಟ

ಎಲ್ಲರಿಗೂ ನಮಸ್ಕಾರ. ಯೆಹೂದಿಗಳು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೇಳುವ ಒಂದು ಸಾಲು ಇವತ್ತಿನ ವಿಷಯ. ಹೀಬ್ರೂನಲ್ಲಿ ಅದು ಆರೇ ಪದ: ಶ್‌ಮಾ ಯಿಸ್ರಾಯೇಲ್, ಅದೋನಾಯ್ ಎಲೋಹೇನು, ಅದೋನಾಯ್ ಎಖಾದ್. ಯೆಹೂದಿಗಳ ಪವಿತ್ರ ಗ್ರಂಥ ತೋರಾದ ಭಾಗವಾದ ಧರ್ಮೋಪದೇಶಕಾಂಡದ 6ನೇ ಅಧ್ಯಾಯದ 4ನೇ ವಚನ. "ಕೇಳು ಇಸ್ರಾಯೇಲೇ, ಕರ್ತನು ನಮ್ಮ ದೇವರು, ಕರ್ತನು ಒಬ್ಬನೇ."

ಗಮನಿಸಿ, ಇಲ್ಲಿ ದೇವರನ್ನು ಏನೂ ಬೇಡುತ್ತಿಲ್ಲ. ಮಾತು ಜನರಿಗೆ. ಇನ್ನೊಂದು ಸ್ವಾರಸ್ಯ, ಮೂಲದಲ್ಲಿ 'ಆಗಿದ್ದಾನೆ' ಎಂಬ ಕ್ರಿಯಾಪದವೇ ಇಲ್ಲ. ನಮ್ಮ ಕನ್ನಡದಲ್ಲೂ ಬೇಕಿಲ್ಲ, ಅಲ್ವಾ? ಅದಕ್ಕೇ ಅರ್ಥಕ್ಕೆ ಜಾಗ ಜಾಸ್ತಿ. 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಹೀಗೆ ಓದಿದ: ಈಗ ನಮಗಷ್ಟೇ ದೇವರಾಗಿರುವವನು ಮುಂದೊಂದು ದಿನ ಎಲ್ಲರಿಗೂ ಒಬ್ಬನೇ ಆಗುತ್ತಾನೆ.

ಹೇಳುವಾಗ ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ, ಮನಸ್ಸು ಅತ್ತಿತ್ತ ಹೋಗದಿರಲಿ ಅಂತ. ಈ ಸಾಲನ್ನು ಗಮನವಿಲ್ಲದೆ ಸುಮ್ನೆ ಹೇಳಿದರೆ ಹೇಳಿದ ಲೆಕ್ಕಕ್ಕಿಲ್ಲ, ಮತ್ತೆ ಹೇಳಬೇಕು.

ಈಗ ಕೊನೆಯ ಪದಕ್ಕೆ ಬರೋಣ. ತೋರಾದ ಸುರುಳಿಯಲ್ಲಿ 'ಎಖಾದ್'ನ ಕೊನೆಯ ಅಕ್ಷರ ದಾಲೆತ್ ದೊಡ್ಡದಾಗಿ ಬರೆದಿರುತ್ತದೆ. ದಾಲೆತ್‌ಗೆ ಮೂಲೆ ಚೂಪು. ಆ ಮೂಲೆ ದುಂಡಗಾದರೆ ಅದು ರೇಶ್, ಅಂದರೆ 'ರ'. ಸುರುಳಿಯಲ್ಲಿ ಸ್ವರಚಿಹ್ನೆಗಳಿಲ್ಲ, ಹಾಗಾಗಿ ಆಗ ಪದ 'ಅಖೇರ್' ಆಗುತ್ತದೆ. ಅರ್ಥ 'ಬೇರೊಬ್ಬ'. 'ದೇವರು ಒಬ್ಬನೇ' ಹೋಗಿ 'ದೇವರು ಬೇರೊಬ್ಬ' ಆಯಿತು! 'ಬೇರೆ ದೇವರಿಗೆ ಅಡ್ಡಬೀಳಬೇಡ' ಎನ್ನುವ ವಿಮೋಚನಕಾಂಡದ ವಚನದಲ್ಲಿ (34:14) 'ಅಖೇರ್'ನ ರೇಶ್ ಕೂಡ ದೊಡ್ಡದು. ಲಿಪಿಕಾರನ ಕೈ ತಪ್ಪದಿರಲಿ ಅಂತಲೇ ಇರಬೇಕು ಎನ್ನುತ್ತಾರೆ.

ಉಚ್ಚಾರಣೆಗೂ ಅಷ್ಟೇ ಎಚ್ಚರ. 'ಎಖಾದ್' ಪದವನ್ನು ಎಳೆದು ಹೇಳಿ, ಅದರಲ್ಲೂ ದಾಲೆತ್ ಎಳೆಯಿರಿ ಎಂದು ಹಳೆಯ ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ. ಅಷ್ಟು ಹೊತ್ತಿನಲ್ಲಿ ಆಕಾಶ, ಭೂಮಿ, ನಾಲ್ಕೂ ದಿಕ್ಕಿಗೆ ಅವನೇ ಅರಸ ಎಂದು ನೆನೆಯಬೇಕು. ಆದರೆ 'ದ್' ಎಳೆಯೋದು ಹೇಗೆ? ನಾಲಿಗೆ ಹಲ್ಲಿಗೆ ತಾಗಿದರೆ ಉಸಿರೇ ನಿಲ್ಲುತ್ತದೆ. ನೀವೇ ಪ್ರಯತ್ನಿಸಿ ನೋಡಿ. ಯೆಮನ್‌ನ ಯೆಹೂದಿಗಳಿಗೆ ಈ ತೊಂದರೆಯಿಲ್ಲ. ಅವರು ಅದನ್ನು ಇಂಗ್ಲಿಷಿನ 'ದಿಸ್' ಪದದ ಮೊದಲ ಸದ್ದಿನಂತೆ, ಹಲ್ಲಿನ ಸಂದಿಯಲ್ಲಿ ಗಾಳಿ ಬಿಟ್ಟು ಹೇಳುತ್ತಾರೆ. ಉಳಿದವರು 'ದ್' ಅನ್ನು ಒತ್ತಿ ಹೇಳುತ್ತಾರೆ. ಎಳೆಯಲು ಹೋಗಿ ಕೊನೆಗೆ ಸ್ವರ ಸೇರಿಸಬಾರದು. ಕನ್ನಡಿಗರಿಗೆ ಇದು ಕಷ್ಟ. ಬಸ್ಸು, ಕಾರು ಎನ್ನುವ ನಾಲಿಗೆಗೆ 'ಎಖಾದು' ಅಂತಲೇ ಬರುತ್ತದೆ.

ಇದಾದ ಮೇಲೆ ಒಂದು ಸಾಲು ಪಿಸುಮಾತಿನಲ್ಲಿ: "ಅವನ ಮಹಿಮೆಯ ರಾಜ್ಯದ ಹೆಸರಿಗೆ ಎಂದೆಂದಿಗೂ ಸ್ತೋತ್ರ." ಇದು ತೋರಾದಲ್ಲಿಲ್ಲ. ತಾಲ್ಮುದ್‌ನ ಕಥೆ ಹೀಗಿದೆ. ಸಾಯುವ ಹೊತ್ತಿಗೆ ಯೆಹೂದಿಗಳ ಮೂಲಪುರುಷ ಯಾಕೋಬನಿಗೆ ಮಕ್ಕಳ ನಂಬಿಕೆ ಬಗ್ಗೆ ಅನುಮಾನ ಬಂತು. ಅವನ ಇನ್ನೊಂದು ಹೆಸರೇ ಇಸ್ರಾಯೇಲ. ಮಕ್ಕಳು "ಕೇಳಪ್ಪಾ ಇಸ್ರಾಯೇಲ, ನಮ್ಮ ದೇವರೂ ಒಬ್ಬನೇ" ಎಂದರು. ಮುದುಕ ಉತ್ತರವಾಗಿ ಈ ಸಾಲು ಹೇಳಿದ. ಬಿಡೋಣವೆಂದರೆ ಯಾಕೋಬ ಹೇಳಿದ್ದು, ಹೇಳೋಣವೆಂದರೆ ತೋರಾ ಬರೆದವನೆಂದು ನಂಬುವ ಮೋಶೆ ಇದನ್ನು ಬರೆದಿಲ್ಲ. ಅದಕ್ಕೇ ಮೆಲ್ಲಗೆ. ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪೂರ್ ದಿನ ಮಾತ್ರ ಗಟ್ಟಿಯಾಗಿ ಹೇಳುತ್ತಾರೆ.