ಬೋಡೆ ಪ್ಲಾಟ್: 45 ಡಿಗ್ರಿಯೋ, 34 ಡಿಗ್ರಿಯೋ?

ಕೇಳುಗರಿಗೆ ನಮಸ್ಕಾರ. ಕಂಟ್ರೋಲ್ ಸಿಸ್ಟಮ್ಸ್ ಓದುತ್ತಿರುವವರು ಒಂದು ಸೆಮಿಲಾಗ್ ಹಾಳೆ, ಪೆನ್ಸಿಲ್, ಸ್ಕೇಲು ಹತ್ತಿರ ಇಟ್ಟುಕೊಳ್ಳಿ. ಇವತ್ತು ಒಂದೇ ಒಂದು ಟ್ರಾನ್ಸ್‌ಫರ್ ಫಂಕ್ಷನ್ ಹಿಡಿದು ಅದರ ಬೋಡೆ ಪ್ಲಾಟ್ ಬರೆಯೋಣ. 1930ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಹೆಂಡ್ರಿಕ್ ಬೋಡೆ ತೋರಿಸಿಕೊಟ್ಟ ವಿಧಾನ ಇದು. ಬಾಗಿದ ಗೆರೆಯ ಜಾಗದಲ್ಲಿ ನೇರ ಗೆರೆಗಳನ್ನು ಜೋಡಿಸುತ್ತಾ ಹೋಗುವುದು. ಈ ವಿಧಾನ ನನಗೆ ತುಂಬಾ ಇಷ್ಟ. ಆದರೆ ಅದನ್ನು ಎಲ್ಲಿಯವರೆಗೆ ನಂಬಬೇಕು ಅನ್ನುವುದೂ ಗೊತ್ತಿರಬೇಕು. ಅದಕ್ಕೇ ಈ ಉದಾಹರಣೆ ಆರಿಸಿದ್ದೇನೆ.

ಬರೆದುಕೊಳ್ಳಿ. ಮೇಲೆ 200, ಪಕ್ಕದ ಬ್ರಾಕೆಟ್‌ನಲ್ಲಿ ಎಸ್ ಪ್ಲಸ್ 10. ಕೆಳಗೆ ಮೂರು: ಬರೀ ಎಸ್, ಎಸ್ ಪ್ಲಸ್ 1, ಎಸ್ ಪ್ಲಸ್ 100. ಅಂದರೆ ಒಂದು ಜೀರೋ, ಮೂರು ಪೋಲ್.

ಈಗಲೇ ಗೆರೆ ಎಳೆಯಬೇಡಿ. ಮೊದಲು ಪ್ರತಿ ಬ್ರಾಕೆಟ್ಟೂ 1ರಿಂದ ಶುರುವಾಗುವಂತೆ ಮಾಡಿಕೊಳ್ಳಿ. ಎಸ್ ಪ್ಲಸ್ 10 ಅನ್ನುವುದರಿಂದ 10 ಹೊರಗೆ ತೆಗೆದರೆ ಒಳಗೆ ಉಳಿಯುವುದು 1 ಪ್ಲಸ್ ಎಸ್ ಬೈ 10. ಹಾಗೆಯೇ ಕೆಳಗಿನಿಂದ 100 ಹೊರಗೆ ಬರುತ್ತದೆ. 200ನ್ನು 10ರಿಂದ ಗುಣಿಸಿ 100ರಿಂದ ಭಾಗಿಸಿದರೆ 20. ನಿಜವಾದ ಗೇನ್ ಇದು, 200 ಅಲ್ಲ. ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ಜಾಸ್ತಿ ಕಂಡ ತಪ್ಪು ಇದೇ. 200 ಅಂತಲೇ ಇಟ್ಟುಕೊಂಡರೆ ಗೆರೆಯ ಆಕಾರ ಸರಿಯಾಗೇ ಇರುತ್ತದೆ, ಆದರೆ ಇಡೀ ಗೆರೆ 20 ಡೆಸಿಬಲ್ ಮೇಲೆ ಕೂತಿರುತ್ತದೆ. ಆಕಾರ ಸರಿ ಇರುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಈಗ ಮ್ಯಾಗ್ನಿಟ್ಯೂಡ್. 20 ಅಂದರೆ 26 ಡೆಸಿಬಲ್. ಕೆಳಗೆ ಬರೀ ಎಸ್ ಇರುವುದರಿಂದ ಗೆರೆ ಮೊದಲಿಂದಲೇ ಡೆಕೇಡ್‌ಗೆ 20 ಡೆಸಿಬಲ್‌ನಂತೆ ಇಳಿಯುತ್ತಿರುತ್ತದೆ. ಸೆಕೆಂಡಿಗೆ 0.1 ರೇಡಿಯನ್‌ನಲ್ಲಿ 46, 1ರಲ್ಲಿ 26. 1ರಲ್ಲಿ ಪೋಲ್ ಇದೆ, ಇಳಿಜಾರು 40 ಆಗುತ್ತದೆ. 10ಕ್ಕೆ ಬರುವಾಗ ಮೈನಸ್ 14. ಅಲ್ಲಿ ಜೀರೋ ಇದೆ, ಇಳಿಜಾರು ಮತ್ತೆ 20. 100ರಲ್ಲಿ ಮೈನಸ್ 34. ಅಲ್ಲಿಂದಾಚೆ ಮತ್ತೆ 40. ಮೂಲೆಗಳಲ್ಲಿ ಮಾತ್ರ ಸ್ವಲ್ಪ ತಿದ್ದಬೇಕು: ಪೋಲ್ ಇರುವ ಕಡೆ ನಿಜವಾದ ಗೆರೆ 3 ಡೆಸಿಬಲ್ ಕೆಳಗೆ, ಜೀರೋ ಇರುವ ಕಡೆ 3 ಮೇಲೆ. ಈ ಗೆರೆ ಸೊನ್ನೆ ಡೆಸಿಬಲ್ ದಾಟುವುದು ಸುಮಾರು 4.5ರಲ್ಲಿ. ಆ ಜಾಗಕ್ಕೆ ಗುರುತು ಹಾಕಿ.

ಇನ್ನು ಫೇಸ್. ಬರೀ ಎಸ್ ಯಾವಾಗಲೂ ಮೈನಸ್ 90 ಕೊಡುತ್ತದೆ. ಉಳಿದ ಪ್ರತಿಯೊಂದಕ್ಕೂ ಮೂಲೆಯ ಹತ್ತನೇ ಒಂದು ಭಾಗದಿಂದ ಹತ್ತು ಪಟ್ಟಿನವರೆಗೆ ಡೆಕೇಡ್‌ಗೆ 45 ಡಿಗ್ರಿಯ ಗೆರೆ ಎಳೆಯುತ್ತೇವೆ, ಅಲ್ವಾ? ಪೋಲ್‌ಗೆ ಇಳಿಯುವ ಗೆರೆ, ಜೀರೋಗೆ ಏರುವ ಗೆರೆ. ಎಲ್ಲ ಕೂಡಿಸಿ ನೋಡಿ. 0.1ರಿಂದ 1ರವರೆಗೆ ಇಳಿದು ಮೈನಸ್ 135 ತಲುಪುತ್ತೇವೆ. ಆಮೇಲೆ 1ರಿಂದ 10ರವರೆಗೆ ಮೊದಲ ಪೋಲ್ ಇಳಿಸಿದಷ್ಟನ್ನೇ ಜೀರೋ ಏರಿಸುತ್ತದೆ. 10ರಿಂದ 100ರವರೆಗೆ ಜೀರೋ ಏರಿಸಿದಷ್ಟನ್ನೇ ಕೊನೆಯ ಪೋಲ್ ಇಳಿಸುತ್ತದೆ. ಹೀಗಾಗಿ ಎರಡು ಡೆಕೇಡ್ ಉದ್ದಕ್ಕೂ ಗೆರೆ ಮೇಜಿನ ಹಾಗೆ ಮಟ್ಟಸ, ಮೈನಸ್ 135. ಅದಾದ ಮೇಲೆ 1000ಕ್ಕೆ ಮೈನಸ್ 180.

ಈ ಗೆರೆ ನಂಬಿದರೆ 4.5ರಲ್ಲಿ ಫೇಸ್ ಮಾರ್ಜಿನ್ 45 ಡಿಗ್ರಿ. ನೋಡಲು ಚೆನ್ನಾಗಿದೆ. ಈಗ ಕ್ಯಾಲ್ಕುಲೇಟರ್ ತೆಗೆದುಕೊಂಡು ಆ ಒಂದು ಜಾಗದಲ್ಲಿ ಟ್ಯಾನ್ ಇನ್ವರ್ಸ್ ಹಾಕಿ. ಮೊದಲ ಪೋಲ್ 77 ಡಿಗ್ರಿ ಹಿಂದಕ್ಕೆ ಎಳೆಯುತ್ತದೆ. ಜೀರೋ 24 ವಾಪಸ್ ಕೊಡುತ್ತದೆ. ಕೊನೆಯ ಪೋಲ್ ಎರಡೂವರೆ ಡಿಗ್ರಿ ಕಿತ್ತುಕೊಳ್ಳುತ್ತದೆ. 90 ಸೇರಿಸಿದರೆ ಸುಮಾರು ಮೈನಸ್ 146. ಮಾರ್ಜಿನ್ ಬರೀ 34!

ಹನ್ನೊಂದು ಡಿಗ್ರಿ ಎಲ್ಲಿ ಹೋಯಿತು? ಒಂದೊಂದು ನೇರ ಗೆರೆಯಲ್ಲೂ ತಪ್ಪು ಆರು ಡಿಗ್ರಿ ದಾಟುವುದಿಲ್ಲ. ಆದರೆ ಇಲ್ಲಿ ಮೂರು ಗೆರೆಗಳೂ ಒಂದೇ ಕಡೆಗೆ ತಪ್ಪುತ್ತವೆ. ಪೋಲ್ ಗೆರೆ ಹೇಳಿದ್ದಕ್ಕಿಂತ 3 ಡಿಗ್ರಿ ಜಾಸ್ತಿ ಇಳಿಸಿದೆ. ಜೀರೋ 5 ಡಿಗ್ರಿ ಕಡಿಮೆ ಕೊಟ್ಟಿದೆ. ಕೊನೆಯ ಪೋಲ್‌ಗೆ ನಾವು ಇಲ್ಲಿ ಲೆಕ್ಕವನ್ನೇ ಇಟ್ಟಿರಲಿಲ್ಲ. ನಿಜವಾದ ಗೆರೆ ಮಟ್ಟಸವಾಗಿಲ್ಲ. 3ರ ಹತ್ತಿರ ಮೈನಸ್ 147ರ ತಗ್ಗಿಗೆ ಇಳಿಯುತ್ತದೆ, 30ರ ಹತ್ತಿರ ಮೈನಸ್ 123ರ ದಿಬ್ಬ ಹತ್ತುತ್ತದೆ, ಆಮೇಲೆ ಬೀಳುತ್ತದೆ. ನಮ್ಮ ಕ್ರಾಸ್‌ಓವರ್ ಆ ತಗ್ಗಿನಲ್ಲೇ ಬಿದ್ದಿದೆ.

ಹಾಗಂತ ಇಡೀ ಗೆರೆಯನ್ನು ಬಿಂದು ಬಿಂದು ಲೆಕ್ಕ ಹಾಕಬೇಕಿಲ್ಲ. ನೇರ ಗೆರೆ ಎಳೆಯಿರಿ, ಕ್ರಾಸ್‌ಓವರ್ ಹುಡುಕಿ, ಅಲ್ಲೊಂದು ಕಡೆ ಮಾತ್ರ ಕೋನಗಳನ್ನು ಸರಿಯಾಗಿ ಕೂಡಿಸಿ. ಎರಡು ನಿಮಿಷದ ಕೆಲಸ.

ಹಾಳೆ ಮಡಚುವ ಮುಂಚೆ ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ಎಸ್ ಪ್ಲಸ್ 10 ಇದ್ದ ಕಡೆ 10 ಮೈನಸ್ ಎಸ್ ಬರೆಯಿರಿ. ಜೀರೋ ಬಲಗಡೆಗೆ ಹೋಯಿತು. ಮ್ಯಾಗ್ನಿಟ್ಯೂಡ್ ಗೆರೆ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಆದರೆ ಜೀರೋ ಕೊಡುತ್ತಿದ್ದ 24 ಡಿಗ್ರಿ ಈಗ ಕಳೆಯಬೇಕು. 4.5ರಲ್ಲಿ ಫೇಸ್ ಮೈನಸ್ 194ಕ್ಕೆ ಇಳಿಯುತ್ತದೆ, ಲೂಪ್ ಮುಚ್ಚಿದರೆ ಸಿಸ್ಟಮ್ ಅನ್‌ಸ್ಟೇಬಲ್. ನಮಸ್ಕಾರ.